ಪ್ರಣಯದ ಸೆಳೆತವಿಲ್ಲದ ಬದುಕು

ಯಾರ ಮೇಲೂ ಪ್ರಣಯದ ಸೆಳೆತ ಹುಟ್ಟದಿರುವ, ಅಥವಾ ತೀರಾ ಅಪರೂಪಕ್ಕೆ ಹುಟ್ಟುವ ಸ್ವಭಾವವನ್ನು ‘ಅರೊಮ್ಯಾಂಟಿಕ್’ ಎನ್ನುತ್ತಾರೆ. ಲೈಂಗಿಕ ಆಕರ್ಷಣೆ ಇಲ್ಲದಿರುವುದು ಬೇರೆ ಸಂಗತಿ. ಅದರ ಹೆಸರು ‘ಅಸೆಕ್ಷುಯಲ್’. ಎರಡೂ ಒಬ್ಬರಲ್ಲೇ ಇರಬಹುದು, ಒಂದೇ ಇರಲೂಬಹುದು.

‘ನಿನಗೆ ಯಾರು ಇಷ್ಟ?’ ಎಂದು ಗೆಳತಿಯರು ಪೀಡಿಸಿದಾಗ, ಇಂಥ ಹುಡುಗಿ ತರಗತಿಯ ಯಾರದೋ ಹೆಸರನ್ನು ಸುಮ್ಮನೆ ಆರಿಸಿ ಹೇಳುವುದುಂಟು. ಅದೇ ಹುಡುಗಿ ಜ್ವರ ಬಂದ ಗೆಳತಿಗೆ ಗಂಜಿ ಕಾಯಿಸಿ ಕುಡಿಸಿ, ರಾತ್ರಿಯಿಡೀ ಪಕ್ಕದಲ್ಲಿ ಕೂರುತ್ತಾಳೆ. ಅವಳ ಪ್ರೀತಿ ಸ್ನೇಹದಲ್ಲೇ ಪೂರ್ಣವಾಗುತ್ತದೆ.

ಪ್ರಣಯದ ಜೋಡಿಬದುಕೇ ಎಲ್ಲರ ಗುರಿ ಎಂಬ ಸಮಾಜದ ನಂಬಿಕೆಗೆ ತತ್ತ್ವಶಾಸ್ತ್ರಜ್ಞೆ ಎಲಿಜಬೆತ್ ಬ್ರೇಕ್ 2012ರ ತಮ್ಮ ಪುಸ್ತಕದಲ್ಲಿ ‘ಅಮಾಟೊನಾರ್ಮಟಿವಿಟಿ’ ಎಂದು ಹೆಸರಿಟ್ಟರು. ಈ ನಂಬಿಕೆಯಿಂದ ಸ್ನೇಹಕ್ಕೆ ಎರಡನೇ ಸ್ಥಾನ ಸಿಗುತ್ತದೆ. ಕೆಲವು ಅರೊಮ್ಯಾಂಟಿಕ್ ವ್ಯಕ್ತಿಗಳು ಆಪ್ತ ಸ್ನೇಹಿತರೊಡನೆ ಒಂದೇ ಮನೆ ಹೂಡಿ, ಖರ್ಚುವೆಚ್ಚ, ಆರೈಕೆಗಳನ್ನು ಹಂಚಿಕೊಂಡು ಬಾಳುತ್ತಾರೆ.