ಹಾಡು ಕೇಳಿಸುವ ಆ್ಯಪ್‌ಗೆ ಮೈಕ್ ಏಕೆ ಬೇಕು?

ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿ ಆ್ಯಪ್‌ಗೂ ಅದರದೇ ಆದ ಒಂದಿಷ್ಟು ಜಾಗ ಇರುತ್ತದೆ. ಅದರಾಚೆಗಿನ ಫೈಲುಗಳನ್ನೋ ಮೈಕನ್ನೋ ಮುಟ್ಟಬೇಕಾದರೆ ಫೋನಿನ ಒಡೆಯರ ಒಪ್ಪಿಗೆ ಬೇಕು. 2015ರ ಆಂಡ್ರಾಯ್ಡ್ 6ಕ್ಕೆ ಮುಂಚೆ ಆ್ಯಪ್ ಇನ್‌ಸ್ಟಾಲ್ ಮಾಡುವಾಗಲೇ ಎಲ್ಲಕ್ಕೂ ಒಟ್ಟಿಗೆ ಒಪ್ಪಬೇಕಿತ್ತು. ಈಗ ಒಂದೊಂದನ್ನೂ ಬೇರೆಬೇರೆಯಾಗಿ ಕೇಳಲಾಗುತ್ತದೆ. ಒಂದಕ್ಕೆ ಒಪ್ಪಿ ಇನ್ನೊಂದಕ್ಕೆ ಬೇಡ ಎನ್ನಬಹುದು.

ಫೋನಿನ ಸ್ಟೋರೇಜ್ ಏಕೆ ಬೇಕು?

ಇದು ಆ್ಯಪ್ ಯಾವ ಬಗೆಯದು ಎಂಬುದರ ಮೇಲೆ ನಿಂತಿದೆ. ಫೋನಿನಲ್ಲಿ ಈಗಾಗಲೇ ಇರುವ ಹಾಡುಗಳನ್ನು ನುಡಿಸುವ ಪ್ಲೇಯರ್‌ಗೆ ಈ ಅನುಮತಿ ಬೇಕೇ ಬೇಕು. ಮೆಮೊರಿ ಕಾರ್ಡಿನಲ್ಲಿ ಹಳೆಯ ಭಾವಗೀತೆಗಳ, ಯಕ್ಷಗಾನ ಪ್ರಸಂಗಗಳ ಎಂಪಿ3 ಫೈಲುಗಳಿವೆ ಎಂದುಕೊಳ್ಳಿ. ಹೊಸ ಪ್ಲೇಯರ್ ತೆರೆದಾಗ ಬಂದ ಪ್ರಶ್ನೆಗೆ ಅವಸರದಲ್ಲಿ Don't allow ಒತ್ತಿದರೆ ಹಾಡಿನ ಪಟ್ಟಿ ಖಾಲಿ ಕಾಣುತ್ತದೆ. ಹಾಡುಗಳೆಲ್ಲ ಅಳಿಸಿಹೋದವು ಎಂದು ಗಾಬರಿಯಾಗುವುದು ಇಲ್ಲಿಯೇ. ಆದರೆ ಫೋನಿನ ಫೈಲ್ ಮ್ಯಾನೇಜರ್ ತೆರೆದು ನೋಡಿದರೆ ಅವೆಲ್ಲ ಇದ್ದಲ್ಲೇ ಇರುತ್ತವೆ. ಪ್ಲೇಯರ್‌ಗೆ ಕಾಣುತ್ತಿಲ್ಲ, ಅಷ್ಟೆ.

ಇಂಟರ್ನೆಟ್ ಮೂಲಕ ಹಾಡು ಕೇಳಿಸುವ ಆ್ಯಪ್‌ಗಳ ಲೆಕ್ಕ ಬೇರೆ. ನೆಟ್ ಇಲ್ಲದಾಗ ಕೇಳಲೆಂದು ಅವುಗಳೊಳಗೆ ಡೌನ್‌ಲೋಡ್ ಮಾಡಿಕೊಂಡ ಹಾಡುಗಳನ್ನು ಅವು ಸಾಮಾನ್ಯವಾಗಿ ತಮ್ಮ ಜಾಗದಲ್ಲೇ ಇಟ್ಟುಕೊಳ್ಳುತ್ತವೆ. ಅದಕ್ಕೆ ಈಚಿನ ಫೋನುಗಳಲ್ಲಿ ಯಾರ ಅನುಮತಿಯೂ ಬೇಡ. ಆ್ಯಪ್ ತೆಗೆದುಹಾಕಿದರೆ ಆ ಹಾಡುಗಳೂ ಹೋಗುವುದು ಇದೇ ಕಾರಣಕ್ಕೆ. ಇಂಥ ಆ್ಯಪ್ ಸ್ಟೋರೇಜ್ ಕೇಳಿದರೆ, ಫೋನಿನಲ್ಲಿರುವ ಹಾಡುಗಳನ್ನೂ ತನ್ನ ಪಟ್ಟಿಗೆ ಸೇರಿಸಿಕೊಳ್ಳುವ ಸೌಲಭ್ಯ ಅದರಲ್ಲಿರಬಹುದು. ಅದು ಬೇಡದವರು ನಿರಾಕರಿಸಬಹುದು.

ಫೋಟೊಗಳೂ ಅದರ ಕೈಗೆ ಸಿಗುತ್ತವೆಯೆ?

ಹಳೆಯ ಫೋನುಗಳಲ್ಲಿ ಸಿಗುತ್ತಿದ್ದವು. ಅಲ್ಲಿ ಫೋಟೊ, ವಿಡಿಯೊ, ಹಾಡು ಎಲ್ಲಕ್ಕೂ ಒಂದೇ ಅನುಮತಿ. 2022ರಲ್ಲಿ ಬಂದ ಆಂಡ್ರಾಯ್ಡ್ 13 ಇದನ್ನು ಬಿಡಿಸಿ, ಹಾಡು ಮತ್ತು ಧ್ವನಿ ಫೈಲುಗಳಿಗೆ ಪ್ರತ್ಯೇಕ ಅನುಮತಿ ತಂದಿತು. ಅಂಥ ಫೋನಿನಲ್ಲಿ ಬರೀ ಹಾಡು ನುಡಿಸುವ ಆ್ಯಪ್ ಫೋಟೊ, ವಿಡಿಯೊಗಳನ್ನೂ ಕೇಳಿದರೆ ಒಪ್ಪುವ ಮೊದಲು ಕಾರಣ ಹುಡುಕುವುದು ಒಳ್ಳೆಯದು.

ಮೈಕ್ ಏತಕ್ಕೆ?

ಹೆಚ್ಚು ಅನುಮಾನ ಹುಟ್ಟಿಸುವ ಪ್ರಶ್ನೆ ಇದೇ, ಆ ಅನುಮಾನ ತಪ್ಪೂ ಅಲ್ಲ. ಹಾಡಿನ ಹೆಸರನ್ನು ಬಾಯಲ್ಲಿ ಹೇಳಿ ಹುಡುಕಲು, ಹತ್ತಿರದಲ್ಲಿ ಕೇಳಿಸುತ್ತಿರುವ ಹಾಡು ಯಾವುದೆಂದು ಗುರುತಿಸಲು, ಕರೋಕೆಯಲ್ಲಿ ಹಾಡಿ ರೆಕಾರ್ಡ್ ಮಾಡಲು ಮೈಕ್ ಬೇಕಾಗುತ್ತದೆ. ಇವು ಯಾವುವೂ ಇಲ್ಲದ ಸಾದಾ ಪ್ಲೇಯರ್ ಕೂಡ ಕೆಲವೊಮ್ಮೆ ಮೈಕ್ ಕೇಳುವುದುಂಟು. ಕಾರಣ ಬಹಳ ಮಂದಿಗೆ ತಿಳಿಯದು: ಹಾಡಿನ ತಾಳಕ್ಕೆ ಪರದೆಯ ಮೇಲೆ ಕುಣಿಯುವ ಬಣ್ಣದ ಗೆರೆಗಳು. ಅವನ್ನು ಮೂಡಿಸಲು ಆ್ಯಪ್ ಫೋನಿನಿಂದ ಹೊರಡುತ್ತಿರುವ ಧ್ವನಿಯನ್ನು ಅಳೆಯಬೇಕು. ಆ ಧ್ವನಿಯಲ್ಲಿ ವಾಯ್ಸ್ ಮೇಲ್‌ನಂಥ ಖಾಸಗಿ ಮಾತೂ ಇರಬಹುದಾದ್ದರಿಂದ, ಅದನ್ನೂ ರೆಕಾರ್ಡಿಂಗ್ ಅನುಮತಿಯ ಅಡಿಯಲ್ಲೇ ಆಂಡ್ರಾಯ್ಡ್ ಇರಿಸಿದೆ. ಇಲ್ಲಿ ಬೇಡ ಎಂದರೆ ಗೆರೆಗಳು ಕುಣಿಯುವುದಿಲ್ಲ, ಹಾಡು ನಿಲ್ಲುವುದಿಲ್ಲ.

ಮೈಕ್ ನಿಜಕ್ಕೂ ಬೇಕಾದಾಗ Only this time ಆರಿಸುವುದೇ ಲೇಸು. ಆ ಬಳಕೆ ಮುಗಿದ ಮೇಲೆ ಅನುಮತಿಯೂ ಮುಗಿಯುತ್ತದೆ. ಆಂಡ್ರಾಯ್ಡ್ 12ರಿಂದ ಈಚೆಗೆ ಯಾವುದೇ ಆ್ಯಪ್ ಮೈಕ್ ಬಳಸಿದಾಗ ಪರದೆಯ ಮೇಲ್ತುದಿಯಲ್ಲಿ ಹಸಿರು ಗುರುತು ಮೂಡುತ್ತದೆ. ಏನನ್ನೂ ಮಾತಾಡಿ ಹುಡುಕದೆ ಸುಮ್ಮನೆ ಹಾಡು ಕೇಳುತ್ತಿರುವಾಗ ಅದು ಕಂಡರೆ, ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು ಆ ಗುರುತನ್ನು ಒತ್ತಿ ಯಾವ ಆ್ಯಪ್ ಎಂದು ನೋಡಬಹುದು.

ನೋಟಿಫಿಕೇಶನ್ ಬೇಡ ಎಂದರೆ ಹಾಡು ನಿಂತುಹೋಗುವುದೆ?

ಇಲ್ಲ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಒಪ್ಪಿಗೆ ಬೇಕು. ಆದರೆ ಲಾಕ್ ಪರದೆಯಲ್ಲಿ ಹಾಡು ನಿಲ್ಲಿಸುವ, ಮುಂದಕ್ಕೆ ಹೋಗುವ ಬಟನ್‌ಗಳಿಗೆ ಆ ನಿಯಮದಿಂದ ವಿನಾಯಿತಿ ಇದೆ. ಅನುಮತಿ ನಿಲ್ಲಿಸುವುದು ಹೊಸ ಹಾಡಿನ ಸುದ್ದಿ, ಚಂದಾ ಕೊಡುಗೆ, ಡೌನ್‌ಲೋಡ್ ಮುಗಿಯಿತೆಂಬ ಸೂಚನೆ ಇಂಥವನ್ನು. ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಾಡು ನಿಲ್ಲುತ್ತಿದ್ದರೆ ಮೊದಲು ನೋಡಬೇಕಾದದ್ದು ಬ್ಯಾಟರಿ ಉಳಿಸುವ ಸೆಟ್ಟಿಂಗ್ ಅನ್ನು.

ಒಮ್ಮೆ ಬೇಡ ಎಂದದ್ದನ್ನು ಬದಲಿಸಬಹುದೆ?

ಬದಲಿಸಬಹುದು. ಈಚಿನ ಫೋನುಗಳಲ್ಲಿ ಎರಡು ಸಲ ನಿರಾಕರಿಸಿದ ಮೇಲೆ ಪ್ರಶ್ನೆ ಮತ್ತೆ ಬರುವುದಿಲ್ಲ. ಆಗ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರಲ್ಲಿ ಬೇಕಾದ ಆ್ಯಪ್, ಅಲ್ಲಿ Permissions ತೆರೆದು ಒಪ್ಪಿಗೆ ಕೊಡಬೇಕು. ಕೆಲವು ತಿಂಗಳು ತೆರೆಯದೆ ಬಿಟ್ಟ ಆ್ಯಪ್‌ನಿಂದ ಫೋನ್ ತಾನಾಗಿಯೇ ಅನುಮತಿಗಳನ್ನು ಹಿಂಪಡೆಯುವುದೂ ಉಂಟು. ಬಹಳ ದಿನಗಳ ಮೇಲೆ ತೆರೆದ ಪ್ಲೇಯರ್‌ನಲ್ಲಿ ಪಟ್ಟಿ ಇದ್ದಕ್ಕಿದ್ದಂತೆ ಖಾಲಿಯಾಗಿದ್ದರೆ ಮೊದಲು ನೋಡಬೇಕಾದ ಜಾಗ ಅದೇ.