ಬಹುಮಾನದ ಹೆಸರು ಕೂಗುವ ಮುನ್ನ

ಸ್ಪರ್ಧೆಯ ಫಲಿತಾಂಶ ಘೋಷಣೆ ವೇದಿಕೆಯ ಮೇಲೆ ಹತ್ತು ನಿಮಿಷದ ಕೆಲಸ. ಅದರ ತಯಾರಿ ಮಾತ್ರ ಮೊದಲ ಸ್ಪರ್ಧಿ ಹಾಡುವುದಕ್ಕೂ ಮುಂಚೆಯೇ ಶುರುವಾಗಬೇಕು. ರಾಜ್ಯೋತ್ಸವದ ಅಂಗವಾಗಿ ಬಡಾವಣೆಯ ಸಂಘವೊಂದು ಪ್ರೌಢಶಾಲೆಯ ಮಕ್ಕಳಿಗೆ ಭಾವಗೀತೆ ಸ್ಪರ್ಧೆ ಇಟ್ಟಿದೆ ಎಂದುಕೊಳ್ಳಬಹುದು. 24 ಮಕ್ಕಳು ಹೆಸರು ಕೊಟ್ಟಿದ್ದಾರೆ, ಮೂವರು ತೀರ್ಪುಗಾರರಿದ್ದಾರೆ. ಮೂರು ಬಹುಮಾನ, ಅದರ ಜೊತೆಗೆ ಎರಡು ಸಮಾಧಾನಕರ ಬಹುಮಾನ. ಅಂದರೆ 19 ಮಕ್ಕಳ ಹೆಸರನ್ನು ಅಂದು ಯಾರೂ ಕೂಗುವುದಿಲ್ಲ. ಸಭಾಂಗಣದಲ್ಲಿ ಕೂತ ಅಪ್ಪ, ಅಮ್ಮ, ಅಜ್ಜಿ, ಟೀಚರುಗಳಲ್ಲಿ ಹೆಚ್ಚಿನವರು ಈ 19 ಮಕ್ಕಳ ಕಡೆಯವರು. ಮೈಕ್ ಹಿಡಿದವರು ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ನಿರ್ಧಾರಗಳಲ್ಲಿ ಅರ್ಧ ತಾವಾಗಿಯೇ ಸರಿಹೋಗುತ್ತವೆ.

ಮೊದಲ ಕೆಲಸ ಅಂಕಗಳದ್ದು. ಒಬ್ಬೊಬ್ಬ ತೀರ್ಪುಗಾರರಿಗೆ 50 ಅಂಕ ಎಂದಿಟ್ಟರೆ ಶ್ರುತಿಗೆ 15, ಲಯಕ್ಕೆ 10, ಸಾಹಿತ್ಯದ ಸ್ಪಷ್ಟ ಉಚ್ಚಾರಣೆಗೆ 10, ಭಾವಕ್ಕೆ 15 ಎಂದು ಹಂಚಬಹುದು. ಮೂವರದೂ ಸೇರಿ ಒಟ್ಟು 150. ಇಬ್ಬರಿಗೆ ಸಮ ಅಂಕ ಬಂದರೆ ಏನು ಮಾಡಬೇಕೆಂಬುದನ್ನು ಸ್ಪರ್ಧೆಗೆ ಮುಂಚೆಯೇ ಬರೆದಿಟ್ಟು, ಮಕ್ಕಳ ಮುಂದೆ ಓದಿ ಹೇಳಿರಬೇಕು. ಇಲ್ಲದಿದ್ದರೆ ಫಲಿತಾಂಶದ ಹೊತ್ತಿಗೆ ವೇದಿಕೆಯ ಪಕ್ಕದಲ್ಲಿ ಮೂವರು ತಲೆ ಸೇರಿಸಿ ಪಿಸುಗುಟ್ಟುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆಮೇಲೆ ಎಷ್ಟು ಪ್ರಾಮಾಣಿಕ ತೀರ್ಪು ಬಂದರೂ ಅನುಮಾನ ಉಳಿದುಬಿಡುತ್ತದೆ.

ನಮ್ಮ ಉದಾಹರಣೆಯಲ್ಲಿ ಚೆಸ್ಟ್ ನಂಬರ್ 12ಕ್ಕೆ 134 ಅಂಕ ಬಂದಿದೆ, 19ಕ್ಕೆ 131. ಮೂರನೇ ಸ್ಥಾನದಲ್ಲಿ 3 ಮತ್ತು 21, ಇಬ್ಬರಿಗೂ 128. ಸಮ ಬಂದರೆ ಭಾವದ ಅಂಕ ನೋಡುವುದೆಂದು ಮೊದಲೇ ನಿಯಮವಾಗಿದೆ. ಭಾವಕ್ಕೆ ಮೂವರ ಅಂಕ ಕೂಡಿದರೆ 3ಕ್ಕೆ 40, 21ಕ್ಕೆ 38. ಹಾಗಾಗಿ ಮೂರನೇ ಬಹುಮಾನ ಚೆಸ್ಟ್ ನಂಬರ್ 3ಕ್ಕೆ. 21ಕ್ಕೂ, 126 ಅಂಕ ಪಡೆದ 7ಕ್ಕೂ ಸಮಾಧಾನಕರ ಬಹುಮಾನ. ಕೂಡಿದ ಲೆಕ್ಕವನ್ನು ಇನ್ನೊಬ್ಬರು ಮತ್ತೆ ಕೂಡಿ ನೋಡಿ, ಮೂವರೂ ತೀರ್ಪುಗಾರರು ಸಹಿ ಹಾಕಿದ ಮೇಲೆಯೇ ಹಾಳೆ ವೇದಿಕೆಗೆ ಬರಬೇಕು.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಆ ಅಂಕಪಟ್ಟಿಯನ್ನೇ ನಿರೂಪಕರ ಕೈಗೆ ಕೊಟ್ಟುಬಿಡುತ್ತಾರೆ. ಅಂಕಪಟ್ಟಿ ಲೆಕ್ಕಕ್ಕಾಗಿ ಇರುವ ಕಾಗದ, ಓದುವುದಕ್ಕಲ್ಲ. ಓದಲು ಬೇರೆ ಕಾರ್ಡ್ ಬೇಕು, ಒಂದು ಬಹುಮಾನಕ್ಕೆ ಒಂದು ಕಾರ್ಡ್. 2015ರ ಡಿಸೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಮಿಸ್ ಯೂನಿವರ್ಸ್ ಸ್ಪರ್ಧೆಯಲ್ಲಿ ನಿರೂಪಕ ಸ್ಟೀವ್ ಹಾರ್ವೆ ಕೊಲಂಬಿಯಾದ ಸ್ಪರ್ಧಿಯನ್ನು ವಿಜೇತೆ ಎಂದು ಘೋಷಿಸಿದರು. ಕಿರೀಟ ತೊಡಿಸಿಯೂ ಆಯಿತು. ಗೆದ್ದಿದ್ದವರು ಫಿಲಿಪೀನ್ಸ್‌ನ ಸ್ಪರ್ಧಿ. ಹಾರ್ವೆ ಕೈಯಲ್ಲಿದ್ದ ಒಂದೇ ಕಾರ್ಡಿನಲ್ಲಿ ಮೂರೂ ಸ್ಥಾನಗಳು ಅಚ್ಚಾಗಿದ್ದವು. ರನ್ನರ್ ಅಪ್ ಹೆಸರುಗಳು ಎಡಗಡೆ, ವಿಜೇತೆಯ ಹೆಸರು ಬಲಗಡೆ ಕೆಳಮೂಲೆಯಲ್ಲಿ. 2017ರ ಆಸ್ಕರ್ ಸಮಾರಂಭದಲ್ಲಿ ಆದದ್ದೂ ಇದೇ ಜಾತಿಯ ಎಡವಟ್ಟು. ವೇದಿಕೆಯ ಎರಡೂ ಬದಿಯಲ್ಲಿ ಲಕೋಟೆಗಳ ಒಂದೊಂದು ಪೂರ್ಣ ಸೆಟ್ ಇತ್ತು. ಒಂದು ಬದಿಯಲ್ಲಿ ಆಗಲೇ ಓದಿ ಮುಗಿದಿದ್ದ ಅತ್ಯುತ್ತಮ ನಟಿ ಪ್ರಶಸ್ತಿಯ ಲಕೋಟೆಯ ಜೋಡಿ ಇನ್ನೊಂದು ಬದಿಯಲ್ಲಿ ಉಳಿದಿತ್ತು. ಅದೇ ವಾರೆನ್ ಬೀಟಿ ಕೈ ಸೇರಿತು. ಕಾರ್ಡ್ ನೋಡಿ ಬೀಟಿ ತಡವರಿಸಿದರು. ಜೊತೆಗಿದ್ದ ಫೇ ಡನವೇ ಅದರಲ್ಲಿ ಕಂಡ ಚಿತ್ರದ ಹೆಸರು ‘ಲಾ ಲಾ ಲ್ಯಾಂಡ್’ ಎಂದು ಓದಿದರು. ಅತ್ಯುತ್ತಮ ಚಿತ್ರ ‘ಮೂನ್‌ಲೈಟ್’ ಎಂದು ತಿಳಿಯುವಷ್ಟರಲ್ಲಿ ‘ಲಾ ಲಾ ಲ್ಯಾಂಡ್’ ತಂಡದವರು ವೇದಿಕೆಯಲ್ಲಿ ಕೃತಜ್ಞತೆಯ ಮಾತು ಆಡಿಯಾಗಿತ್ತು. ಯಾವ ಪ್ರಶಸ್ತಿಯ ಕಾರ್ಡ್ ಎಂಬುದು ಅದರ ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು.

ಹಾಗಾಗಿ ಕಾರ್ಡಿನ ತಲೆಯಲ್ಲಿ ದಪ್ಪಕ್ಷರದಲ್ಲಿ ‘ಭಾವಗೀತೆ – ಮೂರನೇ ಬಹುಮಾನ’ ಎಂದಿರಬೇಕು. ಅದರ ಕೆಳಗೆ ಚೆಸ್ಟ್ ನಂಬರ್, ಹೆಸರು, ಶಾಲೆ, ಬೇರೇನೂ ಬೇಡ. ಉಚ್ಚಾರಣೆ ಗೊತ್ತಿಲ್ಲದ ಹೆಸರಿದ್ದರೆ ಶಾಲೆಯ ಟೀಚರನ್ನು ಕೇಳಿ ಅಲ್ಲೇ ಗುರುತು ಹಾಕಿಕೊಳ್ಳಬೇಕು. ಗೆದ್ದ ಮಗುವಿನ ಹೆಸರನ್ನು ತಪ್ಪಾಗಿ ಕೂಗಿದರೆ ಆ ಮಗು ತನ್ನನ್ನೋ ಅಲ್ಲವೋ ಎಂದು ಅನುಮಾನಿಸುತ್ತಾ ಅರ್ಧ ಎದ್ದು ನಿಲ್ಲುತ್ತದೆ. ಕಾರ್ಡುಗಳನ್ನು ಓದುವ ಕ್ರಮದಲ್ಲಿ ಜೋಡಿಸಿ, ಓದಿದ್ದನ್ನು ಬೇರೆಯವರ ಕೈಗೆ ಕೊಟ್ಟುಬಿಡಬೇಕು. ಆಗ ಒಂದೇ ಕಾರ್ಡ್ ಎರಡು ಸಲ ಕೈಗೆ ಬರುವುದಿಲ್ಲ.

ಇನ್ನು ಫಲಿತಾಂಶ ಯಾವಾಗ ಹೇಳಬೇಕು ಎಂಬ ಪ್ರಶ್ನೆ. ಜನ ಎದ್ದು ಹೋಗಬಾರದೆಂದು ಫಲಿತಾಂಶವನ್ನು ಹಾರ ತುರಾಯಿ, ಅಧ್ಯಕ್ಷರ ಭಾಷಣ, ಗಣ್ಯರ ಸನ್ಮಾನ ಎಲ್ಲ ಮುಗಿದ ಮೇಲೆ ಇಡುವ ರೂಢಿ ನಮ್ಮ ಸಭೆಗಳಲ್ಲಿದೆ. ಇದು ಸರಿಯಲ್ಲ. ಕುತೂಹಲ ಕಾಯುವಿಕೆಯಿಂದ ಹೆಚ್ಚುವುದು ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಅದು ಆಯಾಸವಾಗುತ್ತದೆ, ಕೊನೆಗೆ ಬೇಸರವಾಗುತ್ತದೆ. ಕೊನೆಯ ಬಸ್ಸಿಗೆ ಹೋಗಬೇಕಾದ ಮಗು ತನ್ನ ಹೆಸರು ಕೇಳದೆಯೇ ಹೊರಡಬೇಕಾಗುತ್ತದೆ. ಲೆಕ್ಕ ಮುಗಿದ ಕೂಡಲೇ ಫಲಿತಾಂಶ ಹೇಳಿ, ಭಾಷಣ ಆಮೇಲೆ ಇಟ್ಟುಕೊಳ್ಳುವುದು ಮಕ್ಕಳಿಗೆ ಮಾಡುವ ನ್ಯಾಯ. ಹಿರಿಯ, ಕಿರಿಯ ಎಂದು ವಿಭಾಗಗಳಿದ್ದರೆ ಕಿರಿಯರದ್ದು ಮೊದಲು. ಅದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕು.

ಬಹುಮಾನ ಬಾರದವರಿಗೆ ಹೇಳುವ ಮಾತನ್ನು ಬಹುತೇಕ ನಿರೂಪಕರು ಕೊನೆಗೆ ಇಡುತ್ತಾರೆ. ಮೊದಲ ಬಹುಮಾನದ ಹೆಸರು ಬಿದ್ದ ಕ್ಷಣ ಕುರ್ಚಿಗಳು ಸದ್ದು ಮಾಡುತ್ತವೆ, ಫೋಟೋಗೆ ಜನ ನುಗ್ಗುತ್ತಾರೆ. ಆ ಗದ್ದಲದಲ್ಲಿ ಸಮಾಧಾನದ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಬಿದ್ದರೂ ಆಗಲೇ ಕಣ್ಣು ತುಂಬಿಕೊಂಡ ಮಗುವಿಗೆ ಅದು ರುಚಿಸುವುದಿಲ್ಲ. ಅದೇ ಮಾತನ್ನು ಫಲಿತಾಂಶಕ್ಕೆ ಮುಂಚೆ ಹೇಳಿದರೆ 24 ಮಕ್ಕಳೂ ಕಿವಿಗೊಟ್ಟು ಕೇಳುತ್ತಾರೆ. ಯಾಕೆಂದರೆ ಆಗ ಪ್ರತಿಯೊಬ್ಬರಿಗೂ ಅದು ತಮ್ಮ ಬಗ್ಗೆಯೇ ಇರಬಹುದಾದ ಮಾತು. ಭಾಗವಹಿಸಿದ್ದಕ್ಕೆ ಕೊಡುವ ಪ್ರಮಾಣಪತ್ರವನ್ನೂ ಆ ಹೊತ್ತಿನಲ್ಲೇ, ಒಬ್ಬೊಬ್ಬರ ಹೆಸರು ಕರೆದು ಕೊಟ್ಟರೆ ಎಲ್ಲರೂ ಒಮ್ಮೆ ವೇದಿಕೆ ಹತ್ತಿ ಚಪ್ಪಾಳೆ ಕೇಳಿರುತ್ತಾರೆ.

ಮಾತಿನ ಹೂರಣ ತೀರ್ಪುಗಾರರಿಂದ ಬರಬೇಕು. ‘ಸೋಲೇ ಗೆಲುವಿನ ಮೆಟ್ಟಿಲು’, ‘ಭಾಗವಹಿಸುವುದೇ ಮುಖ್ಯ’ ಎಂಬವು ಮಕ್ಕಳು ನೂರಾರು ಸಲ ಕೇಳಿದ ಮಾತುಗಳು. ಹಾಡು ಕೇಳದವರೂ ಅವನ್ನು ಹೇಳಬಲ್ಲರು. ಅದರ ಬದಲು ಪ್ರತಿ ತೀರ್ಪುಗಾರರು ಅಂಕಪಟ್ಟಿಯ ಅಂಚಿನಲ್ಲಿ, ಬಹುಮಾನದ ಲೆಕ್ಕವಿಲ್ಲದೆ, ಮೆಚ್ಚಿಗೆಯಾದ ಎರಡು ಮೂರು ಸಂಗತಿ ಗುರುತು ಹಾಕಿಕೊಳ್ಳಬಹುದು. ನಿರೂಪಕರು ಅವನ್ನು ಹೀಗೆ ಹೇಳಬಹುದು: ‘ಇವತ್ತು ಒಬ್ಬರು ಚರಣದಲ್ಲಿ ಸಾಲು ಮರೆತರು, ಆದರೆ ತಾಳ ಬಿಡಲಿಲ್ಲ, ಮತ್ತೆ ಪಲ್ಲವಿಗೆ ಸರಿಯಾಗಿ ಬಂದು ಸೇರಿದರು. ಇನ್ನೊಬ್ಬರು ಮೈಕ್ ಕೆಟ್ಟಾಗಲೂ ಹಾಡು ನಿಲ್ಲಿಸಲಿಲ್ಲ, ಕೊನೆಯ ಸಾಲಿನವರೆಗೂ ಕೇಳಿಸಿತು.’ ಹೆಸರು ಹೇಳುವ ಅಗತ್ಯವಿಲ್ಲ. ಆ ಮಗುವಿಗೆ ಗೊತ್ತಾಗುತ್ತದೆ, ಅದರ ಅಮ್ಮನಿಗೂ ಗೊತ್ತಾಗುತ್ತದೆ. ಸಾಲು ಮರೆತದ್ದನ್ನು ಹೇಳಿದ್ದು ಎತ್ತಿ ಆಡಿದಂತಾಗದಿರಲು ಕಾರಣ, ವಾಕ್ಯ ಮರೆವಿನಲ್ಲಿ ನಿಲ್ಲದೆ ಸಾವರಿಸಿಕೊಂಡದ್ದರಲ್ಲಿ ಮುಗಿಯುವುದು.

ಹೇಳಬಾರದ ಒಂದು ಸಂಗತಿಯೂ ಇದೆ. ‘ಮೂರನೇ ಬಹುಮಾನ ತೀರಾ ಸ್ವಲ್ಪದರಲ್ಲಿ ತಪ್ಪಿತು’ ಎಂದು ಸಮಾಧಾನಕ್ಕೆಂದೇ ಹೇಳುವವರಿದ್ದಾರೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರ ಮುಖಭಾವವನ್ನು ಅಮೆರಿಕದ ಮನಶ್ಶಾಸ್ತ್ರಜ್ಞರು ಅಧ್ಯಯನ ಮಾಡಿ 1995ರಲ್ಲಿ ಪ್ರಕಟಿಸಿದರು. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಹೆಚ್ಚು ಸಂತೋಷವಾಗಿ ಕಂಡಿದ್ದರು. ಬೆಳ್ಳಿಯವರ ಮನಸ್ಸು ಕೈತಪ್ಪಿದ ಚಿನ್ನದ ಕಡೆ, ಕಂಚಿನವರ ಮನಸ್ಸು ಪದಕವೇ ಇಲ್ಲದೆ ಹೋಗಬಹುದಾಗಿದ್ದ ಕಡೆ. ಸ್ವಲ್ಪದರಲ್ಲಿ ತಪ್ಪಿದ್ದು ಹೆಚ್ಚು ನೋಯಿಸುತ್ತದೆ. ಹಾಗಾಗಿ ಚೆಸ್ಟ್ ನಂಬರ್ 21ಕ್ಕೆ ಸಮ ಅಂಕ ಬಂದಿತ್ತೆಂಬುದನ್ನು ಮೈಕಿನಲ್ಲಿ ಹೇಳಬಾರದು. ಕೇಳಿದರೆ ಆಮೇಲೆ ಅಂಕಪಟ್ಟಿ ತೋರಿಸಿ, ನಿಯಮ ವಿವರಿಸಿ ಹೇಳುವುದೇ ಸರಿ.

ಘೋಷಣೆ ಸಮಾಧಾನಕರ ಬಹುಮಾನಗಳಿಂದ ಶುರುವಾಗಿ ಮೂರು, ಎರಡು, ಒಂದು ಎಂದು ಏರುತ್ತದೆ. ಕುತೂಹಲ ಹುಟ್ಟುವುದೇ ಈ ಕ್ರಮದಿಂದ. ಮಾತಿನ ಆಟ ಅದಕ್ಕೆ ಬೇಕಿಲ್ಲ. ‘ಮೂರನೇ ಬಹುಮಾನ’ ಎಂದು ಹೇಳಿ, ಎರಡು ಮೂರು ಸೆಕೆಂಡು ಸುಮ್ಮನಿದ್ದು, ನಂಬರ್, ಹೆಸರು, ಶಾಲೆ ಒಂದೇ ಉಸಿರಿನಲ್ಲಿ ಹೇಳಿಬಿಡಬೇಕು. ‘ಇಪ್ಪತ್ತ…’ ಎಂದು ಎಳೆದು ನಿಲ್ಲಿಸುವ ಚಾಳಿ ಕೆಲವರಿಗಿದೆ. ಆಗ 21, 22, 23, 24 ನಂಬರಿನ ನಾಲ್ವರ ಎದೆಯೂ ಹಾರುತ್ತದೆ, ಮರುಕ್ಷಣ ಮೂವರದ್ದು ಕುಸಿಯುತ್ತದೆ. ಶಾಲೆಯ ಹೆಸರನ್ನು ಮೊದಲು ಹೇಳಿ ತಡೆಯುವುದೂ ಹಾಗೆಯೇ. ಆ ಶಾಲೆಯಿಂದ ಐವರು ಬಂದಿದ್ದರೆ ನಾಲ್ವರಿಗೆ ಸುಳ್ಳು ಆಸೆ ಕೊಟ್ಟಂತೆ. ವಿರಾಮ ಯಾವಾಗಲೂ ಎಲ್ಲರಿಗೂ ಸಮಾನ ಅವಕಾಶವಿರುವ ಜಾಗದಲ್ಲಿ, ಅಂದರೆ ಸ್ಥಾನ ಹೇಳಿದ ಮೇಲೆ, ಗುರುತು ಹೇಳುವ ಮೊದಲು.

ಪ್ರತಿ ಹೆಸರಿಗೂ ಒಂದೇ ಅಳತೆಯ ಸಮಯ ಸಿಗಬೇಕು. ಚೆಸ್ಟ್ ನಂಬರ್ 7 ಹಿಂದಿನ ಸಾಲಿನಿಂದ ನಡೆದು ಬಂದು, ಬಹುಮಾನ ತೆಗೆದುಕೊಂಡು, ಫೋಟೋಗೆ ನಿಂತು, ಪಕ್ಕಕ್ಕೆ ಸರಿಯುವವರೆಗೆ ಮುಂದಿನ ಕಾರ್ಡ್ ಎತ್ತಬಾರದು. ಕೆಳಗಿನ ಬಹುಮಾನಗಳನ್ನು ಗಡಿಬಿಡಿಯಲ್ಲಿ ಮುಗಿಸಿ ಮೊದಲನೆಯದಕ್ಕೆ ಮಾತ್ರ ಸಡಗರ ಮಾಡಿದರೆ ಉಳಿದ ನಾಲ್ವರು ಬಹುಮಾನ ಪಡೆದೂ ಪಡೆಯದಂತಾಗುತ್ತದೆ. ಕೊನೆಯ ಇಬ್ಬರನ್ನು ವೇದಿಕೆಗೆ ಒಟ್ಟಿಗೆ ಕರೆದು, ಕೈ ಹಿಡಿಸಿ ನಿಲ್ಲಿಸಿ, ಆಮೇಲೆ ಒಬ್ಬರ ಹೆಸರು ಹೇಳುವ ಟಿ.ವಿ. ರಿಯಾಲಿಟಿ ಶೋಗಳ ಪದ್ಧತಿ ಮಕ್ಕಳ ಸ್ಪರ್ಧೆಗೆ ಬೇಡ. ಅಲ್ಲಿ ಎರಡನೇ ಬಹುಮಾನ ಗೆದ್ದ ಮಗು ಎಲ್ಲರೆದುರು ಸೋತಂತೆ ಕಾಣುತ್ತದೆ. ಪ್ರತಿಭಾ ಕಾರಂಜಿಯಂಥ ಸ್ಪರ್ಧೆಯಲ್ಲಿ ಮೊದಲ ಸ್ಥಾನದವರು ಮುಂದಿನ ಹಂತಕ್ಕೆ ಹೋಗುತ್ತಾರೆ. ಎರಡನೇ ಹೆಸರು ಹೇಳುವ ಉಸಿರಿನಲ್ಲೇ ಆ ಸಂಗತಿ ಹೇಳಬಾರದು. ಬಹುಮಾನ ವಿತರಣೆ ಮುಗಿದ ಮೇಲೆ ಬೇರೆಯಾಗಿ ತಿಳಿಸಬಹುದು.

ಇಷ್ಟೆಲ್ಲ ಎಚ್ಚರವಿದ್ದೂ ತಪ್ಪು ಹೆಸರು ಕೂಗಿದರೆ ಅಲ್ಲೇ, ಅದೇ ಮೈಕಿನಲ್ಲಿ ಒಪ್ಪಿಕೊಳ್ಳಬೇಕು. ‘ತಪ್ಪು ನನ್ನದು, ಓದುವುದರಲ್ಲಿ ಎಡವಿದೆ’ ಎಂದು ಓದಿದವರೇ ಹೇಳಬೇಕು. ಮಗುವಿನ ಕೈಯಿಂದ ಬಹುಮಾನ ಕಿತ್ತುಕೊಳ್ಳಬಾರದು. ಸರಿಯಾದ ವಿಜೇತರನ್ನು ಕರೆದು ಗೌರವಿಸಿ, ಅವರಿಗೆ ಇನ್ನೊಂದು ಬಹುಮಾನವನ್ನು ಸಂಘವೇ ತರಿಸಿಕೊಡಬೇಕು. ಒಂದು ಟ್ರೋಫಿಯ ಖರ್ಚಿಗಿಂತ ಆ ಮಗುವಿನ ಮಾನ ದೊಡ್ಡದು.

ಕಾರ್ಯಕ್ರಮ ಮುಗಿದ ಮೇಲೆ ತೀರ್ಪುಗಾರರು ಅರ್ಧ ಗಂಟೆ ಅಲ್ಲೇ ಕೂರುವಂತೆ ಸಂಘಟಕರು ಮೊದಲೇ ಕೇಳಿಕೊಳ್ಳಲಿ, ಅದನ್ನು ಮೈಕಿನಲ್ಲಿ ಹೇಳಲಿ. ಬಹುಮಾನ ಬಾರದ ಮಗು ಹತ್ತಿರ ಬಂದು ಎಲ್ಲಿ ಕಡಿಮೆಯಾಯಿತು ಎಂದು ಕೇಳಿದಾಗ, ಶ್ರುತಿಯೋ ಲಯವೋ ಉಚ್ಚಾರಣೆಯೋ ಎಂದು ಅದರ ಅಂಕ ನೋಡಿ ಬಿಡಿಸಿ ಹೇಳುವವರು ಅಲ್ಲಿರಲಿ.