ನಡಾವಳಿಯಿಂದ ಅನುಸರಣಾ ಪಟ್ಟಿಗೆ

ಕಂಪನಿಯ ನಿರ್ದೇಶಕ ಮಂಡಳಿಯ ಸಭೆ ಮುಗಿದ 15 ದಿನಗಳೊಳಗೆ ಕರಡು ನಡಾವಳಿಯನ್ನು ನಿರ್ದೇಶಕರಿಗೆ ಕಳುಹಿಸಬೇಕು. ಅಭಿಪ್ರಾಯ ತಿಳಿಸಲು ಅವರಿಗೆ 7 ದಿನಗಳ ಅವಕಾಶವಿದೆ. 30 ದಿನಗಳೊಳಗೆ ಅದು ನಡಾವಳಿ ಪುಸ್ತಕಕ್ಕೆ ಸೇರಬೇಕು. ಇವು ಸೆಕ್ರೆಟೇರಿಯಲ್ ಸ್ಟ್ಯಾಂಡರ್ಡ್-1 ವಿಧಿಸಿರುವ ಕಾಲಮಿತಿಗಳು. ನಡಾವಳಿಯು ದಾಖಲೆಗಾಗಿ ಇರುವಂಥದು. ಕೆಲಸ ಮಾತ್ರ ಸಭೆಯ ಮರುದಿನವೇ ಆರಂಭವಾಗಬೇಕು. ಈ ಅಂತರವನ್ನು ತುಂಬುವುದೇ ಅನುಸರಣಾ ಪಟ್ಟಿ.

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡಬಹುದು. ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಸಭೆ 2025ರ ಅಕ್ಟೋಬರ್ 8ರಂದು ನಡೆಯಿತು. ಕರಡಿನ ಒಂದು ಭಾಗ ಹೀಗಿದೆ: “ಹಳೆಯ ಬಾಕಿಯ ಬಗ್ಗೆ ಸುದೀರ್ಘ ಚರ್ಚೆ ನಡೆದು, ಎಲ್ಲ ಬಾಕಿದಾರರಿಗೂ ಪತ್ರ ಬರೆಯುವುದು ಒಳ್ಳೆಯದೆಂದು ಅಭಿಪ್ರಾಯಪಡಲಾಯಿತು. ಮಾರ್ಚ್ ತಿಂಗಳ 10 ಲಕ್ಷ ರೂ. ಮೌಲ್ಯದ ಒಂದು ಖರೀದಿ ಬಿಲ್ಲು ಜಿಎಸ್‌ಟಿಆರ್-2ಬಿಯಲ್ಲಿ ಇನ್ನೂ ಕಾಣಿಸಿಲ್ಲವೆಂದು ಲೆಕ್ಕಾಧಿಕಾರಿಗಳು ತಿಳಿಸಿದರು. ಶೀಘ್ರವೇ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.” ಎರಡು ಪುಟಗಳ ನಂತರ, ಮಾರಾಟದ ವಿಷಯ ಬಂದಾಗ, “90 ದಿನ ಮೀರಿದ, 1 ಲಕ್ಷ ರೂ.ಗಿಂತ ಹೆಚ್ಚಿನ ಬಾಕಿಗಳಿಗೆ ಮಾತ್ರ ಮಾರಾಟ ವ್ಯವಸ್ಥಾಪಕರು ಪತ್ರ ಬರೆಯತಕ್ಕದ್ದು” ಎಂದಿದೆ.

ಪಟ್ಟಿ ಮಾಡುವವರು ಮೊದಲು ಕ್ರಿಯಾಪದಗಳನ್ನು ಗಮನಿಸಬೇಕು. “ಚರ್ಚಿಸಲಾಯಿತು”, “ಅಭಿಪ್ರಾಯಪಡಲಾಯಿತು”, “ತಿಳಿಸಿದರು” ಎಂಬಲ್ಲಿ ಕೆಲಸ ಹುಟ್ಟುವುದಿಲ್ಲ. “ತೀರ್ಮಾನಿಸಲಾಯಿತು”, “ಮಾಡತಕ್ಕದ್ದು” ಎಂಬಲ್ಲಿ ಹುಟ್ಟುತ್ತದೆ. ಆದ್ದರಿಂದ ಬಾಕಿಯ ಕುರಿತ ಮೊದಲ ವಾಕ್ಯ ಪಟ್ಟಿಗೆ ಬರುವುದಿಲ್ಲ, ನಂತರದ ವಾಕ್ಯ ಬರುತ್ತದೆ. ನಡಾವಳಿಯನ್ನು ಕೊನೆಯವರೆಗೆ ಓದದೆ ಪಟ್ಟಿಗೆ ಕೈಹಾಕಿದವರು ಎರಡನ್ನೂ ಬರೆದುಕೊಂಡು, ಸಣ್ಣ ಗ್ರಾಹಕರಿಗೂ ತಗಾದೆ ಪತ್ರ ಹೋಗುವಂತೆ ಮಾಡುತ್ತಾರೆ.

ಎರಡನೆಯದು ಹೊಣೆಗಾರರ ಪ್ರಶ್ನೆ. “ತೀರ್ಮಾನಿಸಲಾಯಿತು” ಎಂಬ ಕರ್ಮಣಿ ಪ್ರಯೋಗದಲ್ಲಿ ಕರ್ತೃವೇ ಇಲ್ಲ. ಬಿಲ್ಲಿನ ವಿಷಯ ತಿಳಿಸಿದವರು ಲೆಕ್ಕಾಧಿಕಾರಿಗಳಾದ್ದರಿಂದ ಹೊಣೆಯೂ ಅವರದೇ ಎಂದು ಬರೆಯುವುದು ಸಾಮಾನ್ಯ ತಪ್ಪು. ಸರಬರಾಜುದಾರರೊಡನೆ ವ್ಯವಹರಿಸುವವರು ಖರೀದಿ ವ್ಯವಸ್ಥಾಪಕರು. ಹಾಗೆಂದು ಪಟ್ಟಿ ಮಾಡುವವರು ತಾವೇ ಅವರ ಹೆಸರು ತುಂಬಲೂ ಆಗದು. ಆ ಕಲಮನ್ನು ಖಾಲಿ ಬಿಟ್ಟು, ಅಧ್ಯಕ್ಷರನ್ನು ಅಂದೇ ಕೇಳಿ ತುಂಬಬೇಕು. “ಖರೀದಿ ವಿಭಾಗ” ಎಂದು ಬರೆದರೂ ಸಾಲದು. ಒಂದು ಕೆಲಸಕ್ಕೆ ಒಬ್ಬ ವ್ಯಕ್ತಿಯ ಹೆಸರೇ ಇರಬೇಕು.

ಮೂರನೆಯದು ಗಡುವು. “ಶೀಘ್ರವೇ” ಎಂಬುದು ದಿನಾಂಕವಲ್ಲ. ಇಲ್ಲಿ ದಿನಾಂಕವನ್ನು ಕಾನೂನೇ ಕೊಡುತ್ತದೆ, ಅಲ್ಲಿಂದ ಹಿಂದಕ್ಕೆ ಎಣಿಸಬೇಕು. 2024-25ರ ಬಿಲ್ಲಿನ ಹೂಡುವಳಿ ತೆರಿಗೆ ಜಮೆ ಪಡೆಯಲು ಕೊನೆಯ ದಿನ 2025ರ ನವೆಂಬರ್ 30, ಅಥವಾ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರು ಅಕ್ಟೋಬರ್ ತಿಂಗಳ ಜಿಎಸ್‌ಟಿಆರ್-3ಬಿಯನ್ನು ನವೆಂಬರ್ 20ರೊಳಗೆ ಸಲ್ಲಿಸಬೇಕು. ಅದಕ್ಕೆ ಆಧಾರವಾದ 2ಬಿ ಸಿದ್ಧವಾಗುವುದು 14ರಂದು. ಅದರಲ್ಲಿ ಬಿಲ್ಲು ಕಾಣಬೇಕಾದರೆ ಸರಬರಾಜುದಾರರು ಅದನ್ನು ನವೆಂಬರ್ 11ರೊಳಗೆ ತಮ್ಮ ಜಿಎಸ್‌ಟಿಆರ್-1ರಲ್ಲಿ ಸೇರಿಸಿರಬೇಕು. ಅವರೊಡನೆ ಪತ್ರ ವ್ಯವಹಾರಕ್ಕೆ ಸಮಯ ಬೇಕಾದ್ದರಿಂದ ಮೊದಲ ಗಡುವು ಅಕ್ಟೋಬರ್ 15. ಕರಡು ಕೈಸೇರಲು 23ರವರೆಗೆ ಕಾದರೆ ಆ ದಿನ ಕಳೆದೇ ಹೋಗಿರುತ್ತದೆ. ಶೇ. 18ರ ದರದಲ್ಲಿ ಪಣಕ್ಕಿರುವ ಮೊತ್ತ 1,80,000 ರೂ.

ಅಧ್ಯಕ್ಷರ ಉತ್ತರ ಬಂದ ಮೇಲೆ ಪಟ್ಟಿ ಹೀಗಾಗುತ್ತದೆ:

1. ಮಾರ್ಚ್ ಬಿಲ್ಲನ್ನು ಜಿಎಸ್‌ಟಿಆರ್-1ರಲ್ಲಿ ಸೇರಿಸುವಂತೆ ಸರಬರಾಜುದಾರರಿಗೆ ಪತ್ರ – ಖರೀದಿ ವ್ಯವಸ್ಥಾಪಕರು – ಅಕ್ಟೋಬರ್ 15 – ಪುರಾವೆ: ಪತ್ರದ ಪ್ರತಿ.
2. ಸರಬರಾಜುದಾರರು ಬಿಲ್ಲನ್ನು ಸೇರಿಸಿದ್ದಾರೆಂದು ದೃಢಪಡಿಸಿಕೊಳ್ಳುವುದು – ಖರೀದಿ ವ್ಯವಸ್ಥಾಪಕರು – ನವೆಂಬರ್ 11 – ಪುರಾವೆ: ಸರಬರಾಜುದಾರರ ಲಿಖಿತ ಉತ್ತರ.
3. 2ಬಿಯಲ್ಲಿ ಪರಿಶೀಲಿಸಿ ಜಮೆ ಪಡೆಯುವುದು – ಲೆಕ್ಕಾಧಿಕಾರಿಗಳು – ನವೆಂಬರ್ 20 – ಪುರಾವೆ: ಸಲ್ಲಿಸಿದ 3ಬಿ.
4. 90 ದಿನ ಮೀರಿದ, 1 ಲಕ್ಷ ರೂ.ಗಿಂತ ಹೆಚ್ಚಿನ ಬಾಕಿದಾರರಿಗೆ ಪತ್ರ – ಮಾರಾಟ ವ್ಯವಸ್ಥಾಪಕರು – ಅಕ್ಟೋಬರ್ 18 – ಪುರಾವೆ: ಕಳುಹಿಸಿದ ಪತ್ರಗಳ ಯಾದಿ.

ಒಂದೇ ವಾಕ್ಯದೊಳಗಿದ್ದ ಕೆಲಸ ಇಲ್ಲಿ ಮೂರಾಗಿರುವುದನ್ನು ಗಮನಿಸಬೇಕು. ಹೊಣೆಗಾರರು ಬದಲಾದಲ್ಲಿ, ಅಥವಾ ನಡುವೆ ಇನ್ನೊಬ್ಬರಿಗಾಗಿ ಕಾಯಬೇಕಾದಲ್ಲಿ, ಸಾಲೂ ಬದಲಾಗಬೇಕು. ಪುರಾವೆಯ ಕಲಮು ಇಲ್ಲದಿದ್ದರೆ “ಹೇಳಿದ್ದೇನೆ” ಎಂಬ ಮಾತೇ “ಮುಗಿದಿದೆ” ಎಂದು ದಾಖಲಾಗುತ್ತದೆ.

ಪಟ್ಟಿಗೆ ತನ್ನದೇ ಮಿತಿಯೂ ಉಂಟು. ಅದು ನಡಾವಳಿಯ ಭಾಗವಲ್ಲ. ಅಧ್ಯಕ್ಷರು ನಂತರ ಗೊತ್ತುಪಡಿಸಿದ ಹೆಸರು, ದಿನಾಂಕಗಳನ್ನು ಸಭೆಯಲ್ಲೇ ನಿರ್ಧಾರವಾದವೆಂಬಂತೆ ನಡಾವಳಿಗೆ ಸೇರಿಸಕೂಡದು. ಅವು ಪಟ್ಟಿಯಲ್ಲೇ ಇದ್ದು, ಮುಂದಿನ ಸಭೆಯ ಮುಂದೆ ಕ್ರಮ ಕೈಗೊಂಡ ವರದಿಯಾಗಿ ಬರತಕ್ಕದ್ದು.